ಕಂದು ಹಾಕಿದ ಮರುದಿನದ ನೆಗೆಟಿವ್ ರಿಪೋರ್ಟ್

ಏಳು ತಿಂಗಳ ಗಬ್ಬದ ಹಸು ಕಂದು ಹಾಕುತ್ತದೆ, ಅಂದರೆ ದಿನ ತುಂಬುವ ಮೊದಲೇ ಗರ್ಭ ಬೀಳುತ್ತದೆ. ಮರುದಿನ ರಕ್ತ ಪರೀಕ್ಷೆ ಮಾಡಿಸಿದರೆ, ಕಂದು ರೋಗ ತರುವ ಬ್ಯಾಕ್ಟೀರಿಯಾವಾದ ಬ್ರುಸೆಲ್ಲಾ ನೆಗೆಟಿವ್ ಎಂದು ಬರುತ್ತದೆ. ‘ಸದ್ಯ, ಕಂದು ರೋಗ ಅಲ್ಲ, ಎಲ್ಲೋ ಜಾರಿ ಬಿದ್ದಿರಬೇಕು’ ಎಂದು ಮನೆಯವರು ಸಮಾಧಾನ ಪಟ್ಟುಕೊಳ್ಳುತ್ತಾರೆ. ಪಶುವೈದ್ಯನಾಗಿ ನನಗೆ ಅತಿ ಹೆಚ್ಚು ಆತಂಕ ತರುವುದು ಈ ಸಮಾಧಾನವೇ. ಆ ದಿನದ ನೆಗೆಟಿವ್‌ಗೆ ಹೆಚ್ಚು ಬೆಲೆ ಇಲ್ಲ. ಯಾಕೆ ಅನ್ನುವುದನ್ನು ಒಂದು ಕೊಟ್ಟಿಗೆಯಲ್ಲಿ ನಡೆದದ್ದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಆ ಕೊಟ್ಟಿಗೆಯಲ್ಲಿ ಐದು ಹಸು, ಎರಡು ಎಮ್ಮೆ ಇದ್ದವು. ಒಂದು ಹಸುವನ್ನು ಗಬ್ಬ ಆಗಿದ್ದಾಗಲೇ ಹೊರಗಿನಿಂದ ಕೊಂಡು ತಂದಿದ್ದರು. ತರುವ ಮೊದಲು ಪರೀಕ್ಷೆ ಮಾಡಿಸಿರಲಿಲ್ಲ, ತಂದ ಮೇಲೆ ಬೇರೆ ಕಟ್ಟಿಯೂ ಇರಲಿಲ್ಲ. ಏಳನೇ ತಿಂಗಳಲ್ಲಿ ಅದು ಕಂದು ಹಾಕಿತು. ಕಸ, ಅಂದರೆ ಕರುವಿನ ಹಿಂದೆ ಬೀಳಬೇಕಾದ ಮಾಸು, ಬೀಳಲಿಲ್ಲ. ಮನೆಯ ಮಗ ಬರಿಗೈಯನ್ನೇ ಒಳಗೆ ಹಾಕಿ ಸಾಕಷ್ಟು ಕಸ ಎಳೆದು ತೆಗೆದ. ಸತ್ತ ಕರುವನ್ನು ತಿಪ್ಪೆಗೆ ಎಸೆದರು. ರಾತ್ರಿ ನಾಯಿಗಳು ಅದನ್ನು ಎಳೆದುಕೊಂಡು ಹೋದವು. ನನಗೆ ಕರೆ ಬಂದದ್ದು ಇಷ್ಟೆಲ್ಲ ಆದ ಮೇಲೆ.

ಉಳಿದಿದ್ದ ಕಸದ ತುಂಡು ನೋಡಿದೆ. ಕರುವಿಗೆ ರಕ್ತ ಸಾಗಿಸುವ ಗುಂಡಿಯಂಥ ಗಂಟುಗಳು ಹಳದಿ ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿ ಕೊಳೆತಿದ್ದವು. ಅವುಗಳ ನಡುವಿನ ತೆಳು ಪೊರೆ ಚರ್ಮದ ಹಾಗೆ ದಪ್ಪಗಾಗಿತ್ತು. ಇದು ಬ್ರುಸೆಲ್ಲಾದ ಕಡೆಗೆ ಬೊಟ್ಟು ಮಾಡುವ ಗುರುತು. ಆದರೆ ಖಚಿತ ಅಲ್ಲ, ಬೂಷ್ಟಿನಿಂದ ಬರುವ ಸೋಂಕಿನಲ್ಲೂ ಹೀಗೆ ಕಾಣಬಹುದು. ಲೆಪ್ಟೊಸ್ಪೈರಾ, ಐಬಿಆರ್ ವೈರಸ್, ನಿಯೊಸ್ಪೊರಾ ಕೂಡ ತಡವಾಗಿ ಕಂದು ಹಾಕಿಸುತ್ತವೆ. ಸತ್ತ ಕರು ಸಿಕ್ಕಿದ್ದರೆ ಅದರ ಹೊಟ್ಟೆಯೊಳಗಿನ ದ್ರವ, ಶ್ವಾಸಕೋಶ, ಗುಲ್ಮದ ಮಾದರಿ ತೆಗೆದು ರೋಗಾಣುವನ್ನೇ ಹುಡುಕಬಹುದಿತ್ತು. ಅದು ನಾಯಿಗಳ ಪಾಲಾಗಿತ್ತು. ಉಳಿದದ್ದು ರಕ್ತ ಪರೀಕ್ಷೆ ಮಾತ್ರ.

ಮೊದಲು ಮಾಡುವುದು ಸಾಮಾನ್ಯವಾಗಿ ರೋಸ್ ಬೆಂಗಾಲ್ ಪರೀಕ್ಷೆ. ಕೊಂದ ಬ್ರುಸೆಲ್ಲಾ ಬ್ಯಾಕ್ಟೀರಿಯಾಗಳಿಗೆ ಗುಲಾಬಿ ಬಣ್ಣ ಹಚ್ಚಿ ಆಮ್ಲೀಯ ದ್ರವದಲ್ಲಿ ತೇಲಿಸಿಟ್ಟಿರುತ್ತಾರೆ. ಇದರ ಒಂದು ಹನಿ, ಹಸುವಿನ ರಕ್ತದಿಂದ ಬೇರ್ಪಡಿಸಿದ ಸೀರಮ್ ಒಂದು ಹನಿ. ಎರಡೂ ಒಂದೇ ಅಳತೆ, ಸುಮಾರು 30 ಮೈಕ್ರೋಲೀಟರ್. ಬಿಳಿ ತಟ್ಟೆಯ ಮೇಲೆ ಬೆರೆಸಿ 4 ನಿಮಿಷ ಮೆಲ್ಲಗೆ ಅಲ್ಲಾಡಿಸಬೇಕು. ಸೀರಮ್‌ನಲ್ಲಿ ಬ್ರುಸೆಲ್ಲಾ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳಿದ್ದರೆ ಗುಲಾಬಿ ದ್ರವ ಒಡೆದು ಸಣ್ಣ ಕಾಳುಗಳು ಕಾಣುತ್ತವೆ. ಇಲ್ಲದಿದ್ದರೆ ದ್ರವ ಹಾಗೇ ಒಂದೇ ಸಮ ಇರುತ್ತದೆ. ಫ್ರಿಜ್‌ನಿಂದ ತೆಗೆದ ತಕ್ಷಣ ಬಳಸಬಾರದು, ಎರಡೂ ಕೋಣೆಯ ಬಿಸಿಗೆ ಬರಬೇಕು. 4 ನಿಮಿಷ ಆದ ತಕ್ಷಣ ನೋಡದೆ ತಡ ಮಾಡಿದರೆ ದ್ರವ ಒಣಗುತ್ತಾ ಸುಳ್ಳು ಕಾಳು ಕಾಣಿಸಬಹುದು. ಸರಳವಾದ, ಒಳ್ಳೆಯ ಪರೀಕ್ಷೆ ಇದು. ಆದರೆ ಇದು ಹುಡುಕುವುದು ಪ್ರತಿಕಾಯವನ್ನು, ರೋಗಾಣುವನ್ನಲ್ಲ. ನಮ್ಮ ಸಮಸ್ಯೆ ಶುರುವಾಗುವುದು ಇಲ್ಲಿಂದ.

ರೋಗಾಣು ಹೊಕ್ಕ ಎಷ್ಟು ದಿನಕ್ಕೆ ಪ್ರತಿಕಾಯ ಕಾಣುವಷ್ಟು ಆಗುತ್ತದೆ ಅನ್ನುವುದು ಒಂದೊಂದು ಹಸುವಿನಲ್ಲಿ ಒಂದೊಂದು ಥರ. ಕೆಲವು ಹಸುಗಳಲ್ಲಿ ಮೊದಲು ಗರ್ಭ ಬೀಳುತ್ತದೆ, ಪ್ರತಿಕಾಯ ಕಾಣುವುದು ಆಮೇಲೆ. ಇನ್ನೊಂದು ಕಾರಣವೂ ಇದೆ. ಕರು ಹಾಕುವ ದಿನ ಹತ್ತಿರ ಬಂದ ಹಾಗೆ ತಾಯಿಯ ರಕ್ತದಲ್ಲಿನ ಪ್ರತಿಕಾಯಗಳು ಗಿಣ್ಣು ಹಾಲಿಗಾಗಿ ಕೆಚ್ಚಲಿಗೆ ಇಳಿಯುತ್ತವೆ. ರಕ್ತದಲ್ಲಿ ಅವು ಕಡಿಮೆಯಾಗುತ್ತವೆ. ಅದಕ್ಕೇ ಕರು ಹಾಕುವ ಎರಡು ಮೂರು ವಾರ ಹಿಂದೆ, ಎರಡು ಮೂರು ವಾರ ಮುಂದೆ ಬರುವ ನೆಗೆಟಿವ್ ನಂಬಿಕೆಗೆ ತಕ್ಕದ್ದಲ್ಲ. ಪಾಸಿಟಿವ್ ಬಂದರೆ ಮಾತ್ರ ಅದಕ್ಕೆ ಬೆಲೆ ಕೊಡಬೇಕು.

ಈ ಹಸುವಿನ ಮೊದಲ ರಿಪೋರ್ಟ್ ನೆಗೆಟಿವ್ ಬಂತು. ‘ಹಾಗಾದರೆ ಭಯ ಇಲ್ಲ ಅಲ್ವಾ ಡಾಕ್ಟ್ರೇ?’ ಎಂದು ಮನೆಯ ಯಜಮಾನರು ಕೇಳಿದರು. ಮೂರು ವಾರ ಬಿಟ್ಟು ಇನ್ನೊಮ್ಮೆ ರಕ್ತ ತೆಗೆಯೋಣ, ಅಲ್ಲಿಯವರೆಗೆ ರೋಗ ಇದೆ ಅಂತಲೇ ನಡೆದುಕೊಳ್ಳಿ ಎಂದೆ. ಹಸುವನ್ನು ಬೇರೆ ಕಡೆ ಕಟ್ಟಿಸಿದೆ. ಗರ್ಭ ಬಿದ್ದ ಮೇಲೆ ಎರಡರಿಂದ ನಾಲ್ಕು ವಾರ ಗರ್ಭಕೋಶದಿಂದ ಸೋರುವ ದ್ರವದಲ್ಲಿ ರೋಗಾಣು ಇರುತ್ತದೆ. ಅದು ಬಿದ್ದ ಮೇವನ್ನು ಬೇರೆ ಹಸು ತಿಂದರೆ, ಬಾಲವನ್ನೋ ಕಸವನ್ನೋ ನೆಕ್ಕಿದರೆ ಸಾಕು. ಬ್ರುಸೆಲ್ಲಾ ಹಸುವಿಂದ ಹಸುವಿಗೆ ಹೆಚ್ಚಾಗಿ ಹರಡುವುದು ಬಾಯಿಯ ಮೂಲಕವೇ.

ಇಪ್ಪತ್ತೊಂದನೇ ದಿನದ ರಕ್ತದಲ್ಲಿ ಕಾಳುಗಳು ದಪ್ಪ ದಪ್ಪಗೆ ಬಿದ್ದವು. ಎಲಿಸಾ ಎಂಬ ಇನ್ನೊಂದು ರಕ್ತ ಪರೀಕ್ಷೆಯೂ ಪಾಸಿಟಿವ್. ಆ ಹಸುವಿಗೆ ಬ್ರುಸೆಲ್ಲಾ ಲಸಿಕೆ ಆಗಿರಲಿಲ್ಲ ಎಂದು ಮಾರಿದವರಿಂದ ತಿಳಿದುಕೊಂಡಿದ್ದೆವು. ಇದು ಮುಖ್ಯ. ಎಸ್19 ಎಂಬ ಬ್ರುಸೆಲ್ಲಾ ಲಸಿಕೆಯನ್ನು ಕಡಸು ದೊಡ್ಡದಾದ ಮೇಲೆ ಹಾಕಿದ್ದರೆ ಅದರ ಪ್ರತಿಕಾಯ ಬಹಳ ಕಾಲ ಉಳಿದು ಇದೇ ಪರೀಕ್ಷೆಯಲ್ಲಿ ಪಾಸಿಟಿವ್ ತೋರಿಸುತ್ತದೆ. ಯೆರ್ಸಿನಿಯಾ ಎಂಬ ಬ್ಯಾಕ್ಟೀರಿಯಾದ ಒಂದು ಬಗೆಯೂ ಹೀಗೆ ಮೋಸ ಮಾಡುತ್ತದೆ. ಆದರೆ ಲಸಿಕೆ ಇಲ್ಲ, ಕಂದು ಹಾಕಿದೆ, ಕಸ ನಿಂತಿದೆ, ನೆಗೆಟಿವ್ ಇದ್ದದ್ದು ಮೂರು ವಾರದಲ್ಲಿ ಜೋರಾಗಿ ಪಾಸಿಟಿವ್ ಆಗಿದೆ ಎಂದಾಗ ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ಅದೇ ದಿನ ಉಳಿದ ಆರು ದನಗಳ ರಕ್ತವನ್ನೂ ತೆಗೆದಿದ್ದೆವು. ಎಲ್ಲವೂ ನೆಗೆಟಿವ್. ಅದರಲ್ಲಿ ಒಂದು ಎಮ್ಮೆ ಎಂಟು ತಿಂಗಳು ದಾಟಿದ ಗಬ್ಬ. ಎಮ್ಮೆಯ ಗರ್ಭ ಹತ್ತು ತಿಂಗಳ ಮೇಲೆ ನಡೆಯುತ್ತದೆ, ಹಾಗಾಗಿ ಇನ್ನೂ ಸಮಯ ಇತ್ತು. ಈ ನೆಗೆಟಿವ್ ಇವತ್ತಿನದು ಮಾತ್ರ, ಕರು ಹಾಕಿದ ಮೂರು ವಾರಕ್ಕೆ ಇನ್ನೊಮ್ಮೆ ನೋಡಲೇಬೇಕು, ಕರು ಹಾಕುವಾಗ ಗ್ಲೌಸ್ ಹಾಕಿಕೊಳ್ಳಿ ಎಂದು ಹೇಳಿ ಬಂದೆ. ಆದರೆ ಮನೆಯವರ ಕಣ್ಣೆಲ್ಲ ಕಂದು ಹಾಕಿದ ಹಸುವಿನ ಮೇಲೆ. ಎಮ್ಮೆಯದು ‘ಚೆನ್ನಾಗಿರುವ’ ರಿಪೋರ್ಟ್.

ಎಮ್ಮೆ ದಿನ ತುಂಬಿಯೇ ಕರು ಹಾಕಿತು. ಕರು ತುಂಬಾ ಸೋತಿತ್ತು, ಉಸಿರು ಸರಿಯಾಗಿ ಬರುತ್ತಿರಲಿಲ್ಲ. ಮನೆಯ ತಾಯಿ ಬರಿಗೈಯಲ್ಲೇ ಅದರ ಮೂಗಿನ ಲೋಳೆ ತೆಗೆದರು. ಮೂಗಿಗೆ ಬಾಯಿಟ್ಟು ಗಾಳಿ ಊದಿದರು. ಕರು ಬದುಕಿತು. ಎಮ್ಮೆಗೆ ಕಸ ನಿಂತಿತು. ಮೂರು ವಾರದ ಪರೀಕ್ಷೆಯಲ್ಲಿ ಎಮ್ಮೆ ಪಾಸಿಟಿವ್.

ಒಂದು ಜೀವ ಉಳಿಸಲು ಯಾರಾದರೂ ಹಾಗೇ ಮಾಡುತ್ತಾರೆ. ಆದರೆ ಬ್ರುಸೆಲ್ಲಾ ಮನುಷ್ಯರಿಗೆ ಬರಲು ಇದು ಬಹಳ ಸುಲಭದ ದಾರಿ. ಗಬ್ಬದ ಹಸುವಿನ ಕಸದಲ್ಲಿ ಎರಿತ್ರಿಟಾಲ್ ಎಂಬ ಸಕ್ಕರೆಯಂಥ ಪದಾರ್ಥ ಇರುತ್ತದೆ. ಅದು ಈ ರೋಗಾಣುವಿಗೆ ಇಷ್ಟದ ಆಹಾರ. ಗರ್ಭ ಬಲಿತಂತೆ ಅದು ಹೆಚ್ಚುತ್ತದೆ, ಹಾಗಾಗಿ ರೋಗಾಣು ಕಸದಲ್ಲೂ ಗರ್ಭದ ನೀರಿನಲ್ಲೂ ವಿಪರೀತ ಬೆಳೆಯುತ್ತದೆ. ಐದನೇ ತಿಂಗಳ ನಂತರವೇ ಗರ್ಭ ಬೀಳುವುದಕ್ಕೆ ಇದೂ ಒಂದು ಕಾರಣ. ಆ ನೀರಲ್ಲಿ ತೊಯ್ದ ಕರುವನ್ನು ಎತ್ತಿಕೊಂಡಾಗ ಕೈಯ ಸಣ್ಣ ಗೀರಿನಿಂದ, ಕಣ್ಣಿಗೆ ಸಿಡಿದ ಹನಿಯಿಂದ, ಉಸಿರಿನ ಜೊತೆ ರೋಗಾಣು ಒಳಗೆ ಹೋಗಬಹುದು. ಸತ್ತ ಕರುವಿನಷ್ಟೇ ಅಪಾಯ ಬದುಕಿರುವ, ಒದ್ದೆ ಕರುವಿನಿಂದಲೂ ಇದೆ ಅನ್ನುವುದು ಬಹಳ ಜನಕ್ಕೆ ಹೊಳೆಯುವುದಿಲ್ಲ.

ಕಸ ಎಳೆದಿದ್ದ ಮಗನಿಗೆ ಸುಮಾರು ಒಂದು ತಿಂಗಳ ನಂತರ ಜ್ವರ ಶುರುವಾಯಿತು. ಸಂಜೆ ಏರುತ್ತಿತ್ತು, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು. ಸೊಂಟ ನೋವು, ಸುಸ್ತು. ಟೈಫಾಯ್ಡ್ ಇರಬಹುದೆಂದು ಎರಡು ವಾರ ಔಷಧ ನಡೆಯಿತು. ಜ್ವರ ಇಳಿದಂತೆ ಮಾಡಿ ಮತ್ತೆ ಬಂತು. ಹಸುವಿನ ವಿಷಯ ವೈದ್ಯರಿಗೆ ಹೇಳಿದ್ದೀರಾ ಎಂದು ಕೇಳಿದೆ. ಯಾರೂ ಹೇಳಿರಲಿಲ್ಲ. ಹೇಳಿದ ಮೇಲೆ ಬ್ರುಸೆಲ್ಲಾ ಪರೀಕ್ಷೆ ಆಯಿತು, ಪಾಸಿಟಿವ್ ಬಂತು. ಇದಕ್ಕೆ ಡಾಕ್ಸಿಸೈಕ್ಲಿನ್ ಜೊತೆ ರಿಫಾಂಪಿಸಿನ್ ಅಥವಾ ಸ್ಟ್ರೆಪ್ಟೊಮೈಸಿನ್ ಥರದ ಇನ್ನೊಂದು ಔಷಧ ಸೇರಿಸಿ ಕೊಡುತ್ತಾರೆ. ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 6 ವಾರ. ಜ್ವರ ಬೇಗ ಬಿಡುತ್ತದೆ, ಆಗ ಮಾತ್ರೆ ನಿಲ್ಲಿಸಿದರೆ ರೋಗ ಮರಳುವ ಸಾಧ್ಯತೆ ಜಾಸ್ತಿ. ಅವನು ಪೂರ್ತಿ ಮುಗಿಸಿದ, ವಾಸಿಯಾಯಿತು. ತಾಯಿಯನ್ನೂ ವೈದ್ಯರು ಹಲವು ತಿಂಗಳು ರಕ್ತ ಪರೀಕ್ಷೆ ಮಾಡುತ್ತಾ ಗಮನಿಸಿದರು. ಅವರಿಗೆ ಏನೂ ಆಗಲಿಲ್ಲ.

ಕಂದು ಹಾಕಿದ ಆ ಹಸುವಿಗೂ ಔಷಧ ಕೊಡಿ ಎಂದು ಕೇಳಿದರು. ದನಗಳಲ್ಲಿ ಈ ರೋಗಾಣು ಕೆಚ್ಚಲಿನ ಹತ್ತಿರದ ಗ್ರಂಥಿಗಳಲ್ಲಿ, ಜೀವಕೋಶಗಳ ಒಳಗೆ ಅಡಗಿ ಕೂತಿರುತ್ತದೆ. ಔಷಧದಿಂದ ಅದನ್ನು ಪೂರ್ತಿ ತೆಗೆಯಬಹುದೆಂಬ ಭರವಸೆ ಇಲ್ಲ. ಹೆಚ್ಚಿನ ಹಸುಗಳು ಒಂದೇ ಸಲ ಕಂದು ಹಾಕುತ್ತವೆ. ಮುಂದಿನ ಸಲ ದಿನ ತುಂಬಿದ ಚಂದದ ಕರು. ಆಗ ರೋಗ ಹೋಯಿತು ಎಂದುಕೊಳ್ಳುತ್ತಾರೆ. ಆದರೆ ಆ ಕಸದಲ್ಲೂ ಹಾಲಿನಲ್ಲೂ ರೋಗಾಣು ಇರಬಹುದು. ಹಾಗಾಗಿ ಅದನ್ನು ಸುಮ್ನೆ ಇನ್ನೊಬ್ಬರಿಗೆ ಮಾರುವುದು ದೊಡ್ಡ ಅನ್ಯಾಯ. ಹಾಲನ್ನು ಕಾಯಿಸದೆ ಯಾರೂ ಕುಡಿಯಬಾರದು.

ಎಮ್ಮೆಯ ಆ ಕರು ಹೆಣ್ಣು. ಅದಕ್ಕೆ ರೋಗ ಇದೆಯೇ ಎಂದು ಈಗಲೇ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಗಿಣ್ಣು ಹಾಲಿನಿಂದ ಬಂದ ತಾಯಿಯ ಪ್ರತಿಕಾಯ ಕೆಲವು ತಿಂಗಳು ಅದರ ರಕ್ತದಲ್ಲಿರುತ್ತದೆ, ಪಾಸಿಟಿವ್ ತೋರಿಸುತ್ತದೆ. ಅದು ಕರಗಿದ ಮೇಲೆ ನೆಗೆಟಿವ್ ಬರುತ್ತದೆ. ಆದರೂ ಇಂಥ ಕೆಲವು ಕರುಗಳಲ್ಲಿ ರೋಗಾಣು ಗುಟ್ಟಾಗಿ ಉಳಿದು, ಮೊದಲ ಸಲ ಗಬ್ಬವಾದಾಗಲೋ ಕರು ಹಾಕಿದಾಗಲೋ ಹೊರಬೀಳುತ್ತದೆ. ಈ ಕರುವನ್ನು ಮುಂದೆ ಕರು ಹಾಕಲು ಇಟ್ಟುಕೊಳ್ಳಬೇಡಿ ಎಂದೇ ಹೇಳಿದೆ.

ಈಗ ಅವರು ಕೈಗೆ ಉದ್ದ ಗ್ಲೌಸ್, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಹಾಕಿಕೊಂಡೇ ಕರು ಹಾಕಿಸುತ್ತಾರೆ. ಉಸಿರು ಕಟ್ಟಿದ ಕರುವಿಗೆ ಬಾಯಿಯಿಂದ ಊದುವುದಿಲ್ಲ. ಮೂಗು ಬಾಯಿಯ ಲೋಳೆ ಒರೆಸಿ, ಎದೆಯನ್ನು ಬಟ್ಟೆಯಿಂದ ಜೋರಾಗಿ ಉಜ್ಜುತ್ತಾರೆ, ಮೂಗಿನ ಹೊಳ್ಳೆಗೆ ಹುಲ್ಲಿನ ಕಡ್ಡಿ ಆಡಿಸುತ್ತಾರೆ. ಗರ್ಭಿಣಿಯರು ಆ ಹೊತ್ತಿಗೆ ಕೊಟ್ಟಿಗೆಗೆ ಬರುವುದಿಲ್ಲ. ಕಸವನ್ನು ನಾಯಿ ತೋಡಲಾಗದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚುತ್ತಾರೆ. ನೆಲದ ಸಗಣಿ, ಲೋಳೆ ಪೂರ್ತಿ ತೆಗೆದ ಮೇಲೆ 1 ಶೇಕಡಾ ಹೈಪೋಕ್ಲೋರೈಟ್ ದ್ರಾವಣ ಸುರಿಯುತ್ತಾರೆ. ಕೊಳೆಯ ಮೇಲೆಯೇ ಸುರಿದರೆ ಅದರ ಶಕ್ತಿ ಅಲ್ಲೇ ಮುಗಿದುಹೋಗುತ್ತದೆ.

ಕರು ಹಿಡಿಯುವವರಿಗೆ ಇನ್ನೊಂದು ಅಪಾಯ ಲಸಿಕೆಯ ದಿನ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನಲ್ಲಿ ಒಂದೇ ಸಲ ಹಾಕುವ ಎಸ್19 ಜೀವಂತ ಲಸಿಕೆ. ಮನುಷ್ಯರಿಗೆ ಅದು ರೋಗ ತರಬಲ್ಲದು. ಕರು ಒದ್ದಾಡಿದಾಗ ಸೂಜಿ ಹಿಡಿದವರ ಕೈಗೆ ಚುಚ್ಚುವುದುಂಟು, ಕಣ್ಣಿಗೆ ಹನಿ ಸಿಡಿಯುವುದುಂಟು. ತಕ್ಷಣ ಚೆನ್ನಾಗಿ ತೊಳೆದು ಅದೇ ದಿನ ವೈದ್ಯರ ಬಳಿ ಹೋಗಬೇಕು, ಲಸಿಕೆಯ ಬಾಟಲಿಯನ್ನೂ ತೆಗೆದುಕೊಂಡು ಹೋಗಬೇಕು. ಅದು ಆರ್‌ಬಿ51 ಎಂಬ ಇನ್ನೊಂದು ಬ್ರುಸೆಲ್ಲಾ ಲಸಿಕೆ ಆಗಿದ್ದರೆ ರಿಫಾಂಪಿಸಿನ್ ಅದರ ಮೇಲೆ ಕೆಲಸ ಮಾಡುವುದಿಲ್ಲ, ಮಾಮೂಲಿ ರಕ್ತ ಪರೀಕ್ಷೆಯಲ್ಲೂ ಅದು ಸಿಗುವುದಿಲ್ಲ. ಯಾವ ಲಸಿಕೆ ಎಂದು ಗೊತ್ತಿದ್ದರೆ ಮಾತ್ರ ವೈದ್ಯರು ಸರಿಯಾದ ಔಷಧ ಆರಿಸಬಲ್ಲರು.