ಮೈಕ್ ಆನ್ ಆದ ಕೂಡಲೇ ಹಾಡು ಯಾಕೆ ಮಂಕಾಗುತ್ತದೆ?

ಲ್ಯಾಪ್‌ಟಾಪಿನಲ್ಲಿ ಹಾಡು ಕೇಳುತ್ತಾ ಕೂತಿದ್ದೆ. ತಲೆ ಮೇಲೆ ಬ್ಲೂಟೂತ್ ಹೆಡ್‌ಸೆಟ್. ಮೀಟಿಂಗಿಗೆ ಇನ್ನೂ ಐದು ನಿಮಿಷ ಇತ್ತು, ಸುಮ್ನೆ ಮೊದಲೇ ಸೇರಿಕೊಂಡು ಮೈಕ್ ಮ್ಯೂಟ್ ಮಾಡಿಟ್ಟೆ. ಆ ಕ್ಷಣಕ್ಕೆ ಹಾಡಿಗೆ ಯಾರೋ ಕಂಬಳಿ ಹೊದಿಸಿದ ಹಾಗಾಯಿತು. ತಾಳದ ಕಿಣಿಕಿಣಿ ಮಾಯ. ಎಡಕ್ಕೊಂದು ಬಲಕ್ಕೊಂದು ಕೇಳುತ್ತಿದ್ದ ವಾದ್ಯಗಳೆಲ್ಲ ತಲೆಯ ನಡುವೆ ಒಂದೇ ಗುಡ್ಡೆಯಾಗಿ ಬಿದ್ದವು. ಹೆಡ್‌ಸೆಟ್ ಕೆಟ್ಟಿತು ಅಂದುಕೊಂಡೆ. ಮೀಟಿಂಗಿನಿಂದ ಹೊರಬಂದ ಮೇಲೆ ಒಂದೆರಡು ಸೆಕೆಂಡಿನಲ್ಲಿ ಎಲ್ಲ ಮೊದಲಿನ ಹಾಗೇ ಆಯಿತು.

ನಾನು ಒಂದು ಮಾತೂ ಆಡಿರಲಿಲ್ಲ, ಮೈಕ್ ಮ್ಯೂಟ್ ಆಗಿಯೇ ಇತ್ತು. ಆದರೂ ಹೀಗಾಯಿತಲ್ಲ, ಇಡೀ ವಿಷಯದ ಕೀಲಿ ಇಲ್ಲೇ ಇದೆ.

ಮಾಮೂಲಿ ಬ್ಲೂಟೂತ್ ಹೆಡ್‌ಸೆಟ್ ಲ್ಯಾಪ್‌ಟಾಪಿನ ಜೊತೆ ಎರಡು ಬೇರೆಬೇರೆ ಒಪ್ಪಂದಗಳಲ್ಲಿ ಕೆಲಸ ಮಾಡುತ್ತದೆ. ಇವುಗಳಿಗೆ ಪ್ರೊಫೈಲ್ ಅನ್ನುತ್ತಾರೆ. ಹಾಡಿಗೆ ಇರುವುದು ಎ2ಡಿಪಿ. ಇದು ಒಂದೇ ದಿಕ್ಕಿನದು: ಲ್ಯಾಪ್‌ಟಾಪ್ ಕಳಿಸುತ್ತದೆ, ಹೆಡ್‌ಸೆಟ್ ಕೇಳಿಸುತ್ತದೆ, ಅಷ್ಟೇ. ಮೈಕಿನ ದನಿ ವಾಪಸ್ ಬರಲು ಇದರಲ್ಲಿ ಸಾಮಾನ್ಯವಾಗಿ ದಾರಿ ಇಲ್ಲ. ಮಾತಿಗೆ ಇರುವುದು ಎಚ್‌ಎಫ್‌ಪಿ, ಅಂದರೆ ಹ್ಯಾಂಡ್ಸ್-ಫ್ರೀ ಪ್ರೊಫೈಲ್. ಇದು ಎರಡೂ ದಿಕ್ಕಿಗೆ ಓಡುತ್ತದೆ, ಆದರೆ ಇದನ್ನು ಮಾಡಿದ್ದೇ ಫೋನ್ ಕರೆಗೆ. ಯಾವುದಾದರೂ ಪ್ರೋಗ್ರಾಂ ಹೆಡ್‌ಸೆಟ್ಟಿನ ಮೈಕ್ ತೆರೆದರೆ ಲ್ಯಾಪ್‌ಟಾಪ್ ಮೊದಲನೆಯದನ್ನು ನಿಲ್ಲಿಸಿ ಎರಡನೆಯದಕ್ಕೆ ಹೋಗುತ್ತದೆ. ಆಗ ಬರೀ ಮೈಕ್ ಅಲ್ಲ, ನಿಮ್ಮ ಹಾಡೂ ಆ ಫೋನ್ ಲೈನಿನೊಳಗೇ ನುಗ್ಗಬೇಕು.

ಅದು ಎಷ್ಟು ಇಕ್ಕಟ್ಟು ಅಂತ ನೋಡಿ. ಸಿಡಿಯ ಶಬ್ದವನ್ನು ಒತ್ತದೆ ಹಾಗೇ ಕಳಿಸಿದರೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ ಬೇಕು. ಎ2ಡಿಪಿಯಲ್ಲಿ ಎಲ್ಲ ಹೆಡ್‌ಸೆಟ್ಟುಗಳಿಗೂ ಗೊತ್ತಿರಲೇಬೇಕಾದ ಎಸ್‌ಬಿಸಿ ಅನ್ನುವ ಕೋಡೆಕ್, ಅಂದರೆ ಶಬ್ದವನ್ನು ಒತ್ತಿ ಚಿಕ್ಕದು ಮಾಡುವ ವಿಧಾನ, ಇದನ್ನು ಒಳ್ಳೆಯ ಗುಣಮಟ್ಟದಲ್ಲಿ ಸುಮಾರು 328 ಕಿಲೋಬಿಟ್‌ಗೆ ಇಳಿಸುತ್ತದೆ. ಇಷ್ಟಾದರೂ ಸ್ಟೀರಿಯೋ ಉಳಿಯುತ್ತದೆ, ಕಿವಿಗೆ ದೊಡ್ಡ ಕೊರತೆ ಅನ್ನಿಸುವುದಿಲ್ಲ. ಮಾತಿನ ಲೈನಿಗೆ ಸಿಗುವುದು ಒಂದೊಂದು ದಿಕ್ಕಿಗೆ ಬರೀ 64 ಕಿಲೋಬಿಟ್. ಒಂದೇ ಚಾನೆಲ್, ಹಾಗಾಗಿ ಎಡ-ಬಲ ಮೊದಲೇ ಹೋಯಿತು. ಹಳೆಯ ಸಿವಿಎಸ್‌ಡಿ ಕೋಡೆಕ್ ಆದರೆ ಶಬ್ದದ ಅಳತೆ ತೆಗೆಯುವುದು ಸೆಕೆಂಡಿಗೆ 8,000 ಸಲ. ಅಳತೆ ಎಷ್ಟು ಸಲ ತೆಗೆಯುತ್ತೇವೋ ಅದರ ಅರ್ಧದಷ್ಟು ಆವರ್ತನದವರೆಗಿನ ಶಬ್ದ ಮಾತ್ರ ಉಳಿಯುತ್ತದೆ ಅನ್ನುವುದು ನಿಯಮ. ಅಂದರೆ 4,000 ಹರ್ಟ್ಸ್‌ಗಿಂತ ಮೇಲಿನದೆಲ್ಲ ಕತ್ತರಿ. ತಾಳದ ಮಿನುಗು, ತಂತಿಯ ಹೊಳಪು ಇರುವುದು ಹೆಚ್ಚಾಗಿ ಅಲ್ಲೇ. 'ಸ' ಅನ್ನುವಾಗ ಬರುವ ಸೀಟಿಯಂಥ ಶಬ್ದದ ಜಾಸ್ತಿ ಭಾಗವೂ ಅಲ್ಲೇ ಇದೆ, ಅದಕ್ಕೇ ಇಂಥ ಲೈನಿನಲ್ಲಿ 'ಸ'ಗೂ 'ಫ'ಗೂ ಗೊಂದಲ ಆಗುವುದು.

2011ರಲ್ಲಿ ಬಂದ ಎಚ್‌ಎಫ್‌ಪಿ 1.6ರಲ್ಲಿ ಎಂಎಸ್‌ಬಿಸಿ ಅನ್ನುವ ಕೋಡೆಕ್ ಸೇರಿತು. ಅಳತೆ 16,000ಕ್ಕೆ ಏರಿತು. ಮಾತು ನಿಜಕ್ಕೂ ಸ್ಪಷ್ಟವಾಯಿತು. ಹಾಡು ಮಾತ್ರ ಇನ್ನೂ ಒಂದೇ ಚಾನೆಲ್ಲಿನ ಹಳೆ ರೇಡಿಯೋ.

ಹಾಗಾದರೆ ಎರಡೂ ಪ್ರೊಫೈಲನ್ನು ಒಟ್ಟಿಗೆ ಓಡಿಸಬಾರದೇ? ತುಸು ಯೋಚಿಸಬೇಕಾದ ಪ್ರಶ್ನೆ. ಎರಡರ ಸ್ವಭಾವವೇ ಬೇರೆ. ಹಾಡು ತಡವಾದರೂ ನಡೆಯುತ್ತದೆ, ಹೆಡ್‌ಸೆಟ್ ಸ್ವಲ್ಪ ಶಬ್ದವನ್ನು ಮೊದಲೇ ಕೂಡಿಟ್ಟುಕೊಂಡಿರುತ್ತದೆ. ಗಾಳಿಯಲ್ಲಿ ಒಂದು ತುಂಡು ಹಾಳಾದರೆ ಅದನ್ನೇ ಮತ್ತೆ ಕಳಿಸಲು ಸಮಯ ಇರುತ್ತದೆ. ಮಾತಿಗೆ ಈ ಸೌಲಭ್ಯ ಇಲ್ಲ. ಕಾಲು ಸೆಕೆಂಡ್ ತಡವಾದರೂ ಇಬ್ಬರೂ ಒಬ್ಬರ ಮೇಲೊಬ್ಬರು ಮಾತಾಡತೊಡಗುತ್ತೀರಿ. ಅದಕ್ಕೇ ಮಾತಿಗೆ ರೇಡಿಯೋದ ಸಮಯದಲ್ಲಿ ಸೀಟು ಕಾದಿರಿಸಿದ ಹಾಗೆ ಜಾಗ ಇಡುತ್ತಾರೆ. ಬ್ಲೂಟೂತ್ ಒಂದು ಸೆಕೆಂಡನ್ನು 1,600 ಚೂರು ಮಾಡುತ್ತದೆ. ಹಳೆಯ ಒಂದು ಪದ್ಧತಿಯಲ್ಲಿ ಪ್ರತಿ ಆರು ಚೂರಿನಲ್ಲಿ ಎರಡು ಮಾತಿಗೇ ಮೀಸಲು. ಉಳಿದದ್ದರಲ್ಲಿ ಹಾಡು ಹಿಡಿಸುವುದೇ ಇಲ್ಲ ಅಂತೇನಲ್ಲ. ಫಾಸ್ಟ್‌ಸ್ಟ್ರೀಮ್ ಅನ್ನುವ ಕೋಡೆಕ್ ಸ್ಟೀರಿಯೋ ಹಾಡಿನ ಜೊತೆ ಮೈಕಿನ ದನಿಯನ್ನೂ ವಾಪಸ್ ತರುತ್ತದೆ. ಆದರೆ ಅದು ಎಲ್ಲ ಕಡೆ ಇರಬೇಕು ಅನ್ನುವ ನಿಯಮ ಇಲ್ಲ, ತುಂಬಾ ಹೆಡ್‌ಸೆಟ್ಟುಗಳಲ್ಲಿ ಇಲ್ಲ. ಮಾಮೂಲಿ ಜೋಡಿಯಲ್ಲಿ ಕರೆ ಶುರುವಾದರೆ ಹಾಡಿನ ಹರಿವು ನಿಲ್ಲುತ್ತದೆ. ಅಂದಹಾಗೆ, ಎಲ್‌ಡಿಎಸಿ, ಆಪ್ಟ್‌ಎಕ್ಸ್ ಅಂತೆಲ್ಲ ಕೋಡೆಕ್‌ಗಳ ಹೆಸರು ಬರೆದ ಹೆಡ್‌ಸೆಟ್ ಕೊಂಡರೂ ಈ ತೊಂದರೆ ತಪ್ಪುವುದಿಲ್ಲ, ಅವೆಲ್ಲ ಇರುವುದು ಹಾಡಿನ ಪ್ರೊಫೈಲಿನಲ್ಲಿ.

ಈಗ ನನ್ನ ಮ್ಯೂಟಿನ ಕಥೆಗೆ ಬರೋಣ. ಆ್ಯಪ್ ಒಳಗಿನ ಮ್ಯೂಟ್ ಬಟನ್ ಸಾಮಾನ್ಯವಾಗಿ ನಿಮ್ಮ ದನಿ ಆಚೆ ಹೋಗುವುದನ್ನಷ್ಟೇ ತಡೆಯುತ್ತದೆ. ಮೈಕನ್ನು ಕೈಬಿಡುವುದಿಲ್ಲ. ಮೈಕ್ ತೆರೆದಿರುವವರೆಗೂ ಲ್ಯಾಪ್‌ಟಾಪಿನ ಲೆಕ್ಕದಲ್ಲಿ ಕರೆ ನಡೆಯುತ್ತಲೇ ಇರುತ್ತದೆ. ಗೇಮಿನ ವಾಯ್ಸ್ ಚಾಟ್, ಮುಚ್ಚಲು ಮರೆತ ಬ್ರೌಸರ್ ಟ್ಯಾಬ್, ಇವೂ ಇದನ್ನೇ ಮಾಡುತ್ತವೆ. ಕಾರಣವಿಲ್ಲದೆ ಶಬ್ದ ಮಂಕಾದರೆ ಮೊದಲು ನೋಡಬೇಕಾದ್ದು ಮೈಕ್ ಯಾರ ಕೈಲಿದೆ ಅಂತ. ವಿಂಡೋಸ್ 11ರಲ್ಲಿ ಕೆಳಗಿನ ಪಟ್ಟಿಯಲ್ಲಿ ಮೈಕಿನ ಚಿತ್ರ ಮೂಡುತ್ತದೆ, ಮ್ಯಾಕ್‌ನಲ್ಲಿ ಮೇಲ್ಗಡೆ ಕಿತ್ತಳೆ ಬಣ್ಣದ ಚುಕ್ಕೆ.

ಪರಿಹಾರ ಇಷ್ಟೇ: ಹೆಡ್‌ಸೆಟ್ಟಿನಲ್ಲಿ ಕೇಳಿ, ಬೇರೆ ಮೈಕಿನಲ್ಲಿ ಮಾತಾಡಿ. ಲ್ಯಾಪ್‌ಟಾಪಿನದೇ ಮೈಕ್ ಸಾಕು. ನೀವು ಹೆಡ್‌ಸೆಟ್ಟಿನಲ್ಲಿ ಕೇಳುತ್ತಿರುವುದರಿಂದ ಪ್ರತಿಧ್ವನಿಯ ಕಾಟವೂ ಇಲ್ಲ. ವಿಂಡೋಸ್‌ನಲ್ಲಿ `mmsys.cpl` ಓಡಿಸಿ, Recording ಅನ್ನುವಲ್ಲಿ ಲ್ಯಾಪ್‌ಟಾಪಿನ ಮೈಕನ್ನು Default Device ಮಾಡಿ, ಮರೆಯದೆ Default Communication Device ಕೂಡ ಅದನ್ನೇ ಮಾಡಿ. ಕರೆಯ ಆ್ಯಪ್‌ಗಳು ಈ ಎರಡನೆಯದನ್ನು ನೋಡುವುದುಂಟು, ಒಂದನ್ನೇ ಬದಲಿಸಿ 'ಆಗಲೇ ಇಲ್ಲ' ಅಂತ ನಾನೂ ಒದ್ದಾಡಿದ್ದೇನೆ. ಆಮೇಲೆ ಮೀಟಿಂಗ್ ಆ್ಯಪ್‌ನ ಸೆಟ್ಟಿಂಗ್ ತೆರೆದು ಅಲ್ಲೂ ಮೈಕ್ ಯಾವುದಿದೆ ಅಂತ ನೋಡಿ, ಕೆಲವು ಹಳೆಯ ಆಯ್ಕೆಯನ್ನೇ ಹಿಡಿದುಕೊಂಡಿರುತ್ತವೆ. ವಿಂಡೋಸ್ 10ರಲ್ಲಿ ಒಂದೇ ಹೆಡ್‌ಸೆಟ್ ಎರಡು ಹೆಸರಲ್ಲಿ ಕಾಣಬಹುದು. ಸ್ಪೀಕರ್ ಆಗಿ Stereo ಅಂತಿರುವುದನ್ನು ಆರಿಸಿ, Hands-Free ಅಂತಿರುವುದನ್ನಲ್ಲ. ಮ್ಯಾಕ್‌ನಲ್ಲಿ Sound ಸೆಟ್ಟಿಂಗಿನ Input ಬದಲಿಸಿದರೆ ಆಯಿತು.

ಲಿನಕ್ಸ್‌ನಲ್ಲಿ ಶಬ್ದದ ಸಾಧನಗಳನ್ನು ನೋಡಿಕೊಳ್ಳುವ ವೈರ್‌ಪ್ಲಂಬರ್ 0.5 ಅಥವಾ ಅದಕ್ಕಿಂತ ಹೊಸದಿದ್ದರೆ ತಾನಾಗಿ ಪ್ರೊಫೈಲ್ ಬದಲಿಸುವ ಚಾಳಿಯನ್ನೇ ನಿಲ್ಲಿಸಬಹುದು:

```
wpctl settings --save bluetooth.autoswitch-to-headset-profile false
```

ಲ್ಯಾಪ್‌ಟಾಪಿನ ಮೈಕಿಗೆ ಕೀಬೋರ್ಡಿನ ಟಕಟಕ, ಫ್ಯಾನಿನ ಗುಂಯ್ ಎಲ್ಲ ಕೇಳಿಸುತ್ತದೆ. ಗದ್ದಲದ ಕೋಣೆಯಲ್ಲಿ ಬಾಯಿಗೆ ಹತ್ತಿರ ಇರುವ ಹೆಡ್‌ಸೆಟ್ ಮೈಕೇ ವಾಸಿ, ಆಗ ಹಾಡಿನ ಆಸೆ ಬಿಡಬೇಕು. ಎರಡೂ ಬೇಕೇ ಬೇಕು ಅನ್ನುವವರಿಗೆ ತಂತಿಯ ಹೆಡ್‌ಸೆಟ್ ಇದೆ. ಇಲ್ಲವೇ ತನ್ನದೇ ಯುಎಸ್‌ಬಿ ಡಾಂಗಲ್ ಇರುವ ವೈರ್‌ಲೆಸ್ ಹೆಡ್‌ಸೆಟ್ ನೋಡಬಹುದು. ಅವುಗಳಲ್ಲಿ ಹಲವು ಬ್ಲೂಟೂತ್ ಬಿಟ್ಟು ತಮ್ಮದೇ ರೇಡಿಯೋ ಕೊಂಡಿ ಬಳಸುತ್ತವೆ, ಈ ಎರಡು ಪ್ರೊಫೈಲುಗಳ ಗೋಜು ಅಲ್ಲಿಲ್ಲ.

ಬ್ಲೂಟೂತ್ ಒಳಗೇ ಇದಕ್ಕೆ ಉತ್ತರ ಎಲ್‌ಇ ಆಡಿಯೋ. ಎಲ್‌ಸಿ3 ಅನ್ನುವ ಹೊಸ ಕೋಡೆಕ್, ಸ್ಟೀರಿಯೋ ಮತ್ತು ಮೈಕ್ ಒಟ್ಟಿಗೆ ಓಡುವಂಥ ಹೊಸ ಹಾದಿ ಎರಡೂ ಅದರಲ್ಲಿವೆ. ಇದಕ್ಕೆ ಬೇಕಾದ ರೇಡಿಯೋ ಬದಲಾವಣೆ 2020ರ ಬ್ಲೂಟೂತ್ 5.2ರಲ್ಲೇ ಬಂತು. ಆದರೆ ಡಬ್ಬದ ಮೇಲೆ 5.2 ಅಂತ ಬರೆದಿದೆ ಅಂದಮಾತ್ರಕ್ಕೆ ಎಲ್‌ಇ ಆಡಿಯೋ ಇದೆ ಅಂತಲ್ಲ, ಅದು ಐಚ್ಛಿಕ. ಹೆಡ್‌ಸೆಟ್, ಲ್ಯಾಪ್‌ಟಾಪಿನ ರೇಡಿಯೋ, ಅದರ ಡ್ರೈವರ್, ಆಪರೇಟಿಂಗ್ ಸಿಸ್ಟಂ ನಾಲ್ಕಕ್ಕೂ ಅದು ಗೊತ್ತಿರಬೇಕು. ಒಂದಕ್ಕೆ ಗೊತ್ತಿಲ್ಲದಿದ್ದರೂ ಹಳೇ ಎಚ್‌ಎಫ್‌ಪಿಯೇ ಗತಿ.