ಎರಡೂ ಕಡೆ 220 ಕೆವಿ ಇದ್ದರೆ ಪವರ್ ಹರಿಯೋದು ಹೇಗೆ?

ಪ್ರಶ್ನೆ: "ಚಿತ್ರದುರ್ಗದ ಬಸ್‌ನಲ್ಲೂ 220 ಕೆವಿ, ದಾವಣಗೆರೆ ಬಸ್‌ನಲ್ಲೂ 220 ಕೆವಿ ಅಂತ ಲೆಕ್ಕದಲ್ಲಿ ಕೊಟ್ಟಿದ್ದಾರೆ. ವ್ಯತ್ಯಾಸವೇ ಇಲ್ಲದಿದ್ದರೆ ಪವರ್ ಹೇಗೆ ಹರಿಯುತ್ತೆ ಸರ್?" (ದಾವಣಗೆರೆಯ ಡಿಪ್ಲೊಮಾ ವಿದ್ಯಾರ್ಥಿನಿ)

ಬಸ್ ಅಂದರೆ ಸಬ್‌ಸ್ಟೇಷನ್ ಯಾರ್ಡಿನಲ್ಲಿ ಎಲ್ಲ ಲೈನುಗಳೂ ಬಂದು ಸೇರುವ ದಪ್ಪ ತಂತಿ ಅಥವಾ ಅಲ್ಯೂಮಿನಿಯಂ ಪೈಪು. ಅಲ್ಲಿನ ಮೀಟರ್ ತೋರಿಸುವ 220 ಕೆವಿ ಅಲೆಯ ಎತ್ತರವನ್ನು ಹೇಳುತ್ತದೆ. ಆ ಅಲೆ ಯಾವ ಹೊತ್ತಿಗೆ ಏರಿತು ಅಂತ ಹೇಳುವುದಿಲ್ಲ. ನಿಮ್ಮ ಉತ್ತರ ಇರುವುದು ಆ ಹೊತ್ತಿನಲ್ಲಿ.

ನಮ್ಮ ಕಡೆ ಟ್ರಾಕ್ಟರ್‌ಗೆ ಶಾಫ್ಟ್ ಹಾಕಿ ಮೆಕ್ಕೆಜೋಳದ ಮಷಿನ್ ಓಡಿಸುತ್ತಾರಲ್ವಾ? ಶಾಫ್ಟಿನ ಎರಡು ತುದಿಯೂ ಒಂದೇ ವೇಗದಲ್ಲಿ ತಿರುಗುತ್ತವೆ. ಆದರೆ ತೆನೆ ಸುರಿದಾಗ ಶಾಫ್ಟ್ ಕಣ್ಣಿಗೆ ಕಾಣದಷ್ಟು ತಿರುಚಿಕೊಳ್ಳುತ್ತದೆ. ಟ್ರಾಕ್ಟರ್ ಕಡೆಯ ತುದಿ ಚೂರು ಮುಂದೆ, ಮಷಿನ್ ಕಡೆಯದು ಚೂರು ಹಿಂದೆ. ಆ ತಿರುಚೇ ಬಲವನ್ನು ದಾಟಿಸುವುದು. ಲೈನಿನಲ್ಲಿ ಆ ತಿರುಚಿನ ಹೆಸರು δ, ಡೆಲ್ಟಾ ಕೋನ.

```
P = (V1 × V2 / X) × sin δ
```

V1, V2 ಎರಡು ಬಸ್‌ಗಳ ವೋಲ್ಟೇಜ್. X ಲೈನಿನ ರಿಯಾಕ್ಟೆನ್ಸ್, ಅಂದರೆ ಶಾಫ್ಟ್ ಎಷ್ಟು ಸಡಿಲ ಅನ್ನುವ ಲೆಕ್ಕ. ವೋಲ್ಟೇಜನ್ನು ಕೆವಿಯಲ್ಲಿ, X ಅನ್ನು ಒಂದು ಫೇಸಿನ ಓಮ್‌ನಲ್ಲಿ ಹಾಕಿದರೆ ಮೂರೂ ಫೇಸಿನ ಪವರ್ ನೇರವಾಗಿ ಮೆಗಾವ್ಯಾಟ್‌ನಲ್ಲೇ ಬರುತ್ತದೆ.

ಒಂದು ಲೆಕ್ಕ ಮಾಡಿಯೇ ನೋಡೋಣ. ಎರಡೂರಿನ ನಡುವೆ 60 ಕಿ.ಮೀ. ಉದ್ದದ ಲೈನು ಅಂತ ಇಟ್ಟುಕೊಳ್ಳಿ. 220 ಕೆವಿ ಲೈನಿಗೆ ಕಿಲೋಮೀಟರಿಗೆ ಸುಮಾರು 0.4 ಓಮ್, ಹಾಗಾಗಿ X = 24. 220 × 220 / 24 ಮಾಡಿದರೆ 2017 ಮೆಗಾವ್ಯಾಟ್. ದುರ್ಗದ ಗುಡ್ಡಗಳ ಗಾಳಿಯಂತ್ರಗಳಿಂದ 200 ಮೆಗಾವ್ಯಾಟ್ ದಾವಣಗೆರೆ ಕಡೆ ಬರಬೇಕು ಅಂದರೆ sin δ = 200 / 2017, ಅಂದರೆ 0.099. ಕೋನ ಬರೀ 5.7 ಡಿಗ್ರಿ. ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದ್ದರೆ ಹುಷಾರು. ಅದರಲ್ಲಿ sin 5.7 ಒತ್ತಿದರೆ ಮೈನಸ್ 0.55 ಬರುತ್ತದೆ, ಪವರ್ ಉಲ್ಟಾ ಹರಿದಂತೆ ಕಾಣುತ್ತದೆ.

50 ಹರ್ಟ್ಜ್‌ನಲ್ಲಿ ಒಂದು ಸುತ್ತಿಗೆ 20 ಮಿಲಿಸೆಕೆಂಡ್. 5.7 ಡಿಗ್ರಿ ಅಂದರೆ ಸುಮಾರು 0.32 ಮಿಲಿಸೆಕೆಂಡ್. ದುರ್ಗದ ಅಲೆ ಅಷ್ಟು ಮೊದಲು ಶಿಖರ ಮುಟ್ಟುತ್ತದೆ, ಅಷ್ಟೇ. ಆದರೆ ಹೊತ್ತು ಹೊಂದದ ಈ ಎರಡು ಅಲೆಗಳನ್ನು ಕಳೆದು ನೋಡಿ: ಒಂದೊಂದು ಫೇಸಿಗೂ ಸುಮಾರು 12.6 ಕೆವಿ ಉಳಿಯುತ್ತದೆ. ಅದನ್ನು 24 ಓಮ್‌ನಿಂದ ಭಾಗಿಸಿದರೆ 525 ಆಂಪಿಯರ್. ವ್ಯತ್ಯಾಸ ಇಲ್ಲ ಅಂದುಕೊಂಡ ಕಡೆ ಇಷ್ಟಿತ್ತು!

ಈ ಕೋನವನ್ನು ಯಾರೂ ನಾಬ್ ತಿರುಗಿಸಿ ಇಡುವುದಿಲ್ಲ. ಶರಾವತಿಯಂಥ ಕಡೆ ಟರ್ಬೈನಿಗೆ ನೀರು ಜಾಸ್ತಿ ಬಿಟ್ಟರೆ ಜನರೇಟರಿನ ರೋಟರ್ ಒಂದಿಷ್ಟು ಮುಂದಕ್ಕೆ ಜರುಗುತ್ತದೆ, ಕೋನ ಹಿಗ್ಗುತ್ತದೆ. ಇತ್ತ ತೋಟಗಳ ಪಂಪ್‌ಸೆಟ್‌ಗಳು ಒಟ್ಟಿಗೆ ಶುರುವಾದರೆ ದಾವಣಗೆರೆ ಬಸ್‌ನ ಅಲೆ ಹಿಂದೆ ಬೀಳುತ್ತದೆ. ಆಗಲೂ ಕೋನ ಹಿಗ್ಗುತ್ತದೆ.

ಹಾಗಾದರೆ ವೋಲ್ಟೇಜ್ ವ್ಯತ್ಯಾಸಕ್ಕೆ ಕೆಲಸವೇ ಇಲ್ವಾ? ಇದೆ, ಬೇರೆ ಕೆಲಸ. ದಾವಣಗೆರೆ ಕಡೆ ವೋಲ್ಟೇಜ್ 200ಕ್ಕೆ ಇಳಿಯಿತು ಅನ್ನಿ. ಅದೇ 200 ಮೆಗಾವ್ಯಾಟ್‌ಗೆ ಕೋನ 5.7ರಿಂದ 6.3 ಡಿಗ್ರಿ ಆಗುತ್ತದೆ, ಅಷ್ಟೇನೂ ಅಲ್ಲ. ಆದರೆ ದುರ್ಗದ ತುದಿಯಿಂದ ಹೊರಡುವ ರಿಯಾಕ್ಟಿವ್ ಪವರ್ 10 ಮೆಗಾವಾರ್‌ನಿಂದ ಹತ್ತಿರ ಹತ್ತಿರ 195ಕ್ಕೆ ಜಿಗಿಯುತ್ತದೆ. ಕರೆಂಟ್ 525ರಿಂದ 730 ಆಂಪಿಯರ್‌ಗೆ ಏರುತ್ತದೆ. ತಲುಪಿದ್ದು ಅಷ್ಟೇ ಮೆಗಾವ್ಯಾಟ್, ತಂತಿ ಮಾತ್ರ ಸುಮ್ನೆ ಜಾಸ್ತಿ ಕಾಯುತ್ತದೆ. ಆ ಬಸ್‌ನ ಹತ್ತಿರವೇ ಕೆಪಾಸಿಟರ್ ಬ್ಯಾಂಕ್ ಹಾಕುವುದು ಇದಕ್ಕೇ.

ಇನ್ನು 2017 ಮೆಗಾವ್ಯಾಟ್ ಅನ್ನುವ ಆ ಅಂಕಿ. ಅದು 90 ಡಿಗ್ರಿಯಲ್ಲಿ ಸಿಗುವ ಗರಿಷ್ಠ. ಅದನ್ನು ದಾಟಿ ಕೋನ ಹಿಗ್ಗಿದರೆ ಪವರ್ ಕಡಿಮೆಯಾಗುತ್ತದೆ, ಎರಡು ತುದಿಗಳ ತಾಳ ತಪ್ಪುತ್ತದೆ. ಆದರೆ 60 ಕಿ.ಮೀ. ಲೈನು ಅಲ್ಲಿಗೆ ಮುಟ್ಟುವುದೇ ಇಲ್ಲ. ಅದಕ್ಕೆ ಎಷ್ಟೋ ಮೊದಲೇ ತಂತಿ ಕಾಯ್ದು ಜೋತು ಬೀಳುತ್ತದೆ. ಕೋನ ನಿಜವಾಗಿ ಕಾಡುವುದು ಉದ್ದದ ಲೈನಿನಲ್ಲಿ. ಇದೇ ಲೈನು 400 ಕಿ.ಮೀ. ಇದ್ದಿದ್ದರೆ X 160 ಓಮ್ ಆಗಿ, ಅದೇ 200 ಮೆಗಾವ್ಯಾಟ್‌ಗೆ ಸುಮಾರು 41 ಡಿಗ್ರಿ ಬೇಕಾಗುತ್ತಿತ್ತು. ಆಗ ಒಂದು ದೊಡ್ಡ ಫಾಲ್ಟ್ ಬಂದರೂ ತಾಳ ತಪ್ಪುವ ಭಯ. ದೂರಕ್ಕೆ ಕಳಿಸುವಾಗ 400 ಕೆವಿಗೆ ಹೋಗುವುದು ಯಾಕೆ ಅಂತ ಸೂತ್ರದ V1 × V2 ನೋಡಿದರೆ ಗೊತ್ತಾಗುತ್ತದೆ.

ನಿಮ್ಮ ಊರಿನ 11 ಕೆವಿ ಫೀಡರಿಗೆ ಮಾತ್ರ ಈ ಸೂತ್ರ ಹಾಕಬೇಡಿ. ಇದು ತಂತಿಯ ರೆಸಿಸ್ಟೆನ್ಸನ್ನು ಬಿಟ್ಟು ಮಾಡಿದ ಲೆಕ್ಕ. ದಪ್ಪ ತಂತಿಯ 220 ಕೆವಿ ಲೈನಿನಲ್ಲಿ ರೆಸಿಸ್ಟೆನ್ಸ್ X‌ನ ಐದರಲ್ಲೊಂದು ಪಾಲೂ ಇರುವುದಿಲ್ಲ, ಹಾಗಾಗಿ ನಡೆಯುತ್ತದೆ. ಫೀಡರಿನ ತೆಳು ತಂತಿಯಲ್ಲಿ ಅದು X‌ಗಿಂತ ಜಾಸ್ತಿಯೇ ಇರಬಹುದು.