ಖಳನ ಸ್ವಭಾವ ಮೊದಲ ನೋಟಕ್ಕೇ ತಿಳಿಯಬೇಕಾದರೆ

ಪ್ರಶ್ನೆ: ನನ್ನ ಅನಿಮೇಷನ್ ಕಿರುಚಿತ್ರದ ಖಳನಿಗೆ ಚೂಪು ಮೂಗು, ಚೂಪು ಗಡ್ಡ, ಕಪ್ಪು-ಕೆಂಪು ಉಡುಪು ಎಲ್ಲವನ್ನೂ ಕೊಟ್ಟಿದ್ದೇನೆ. ಆದರೂ ನೋಡಿದವರು ‘ಕೆಟ್ಟವನು’ ಎನ್ನುತ್ತಾರೆಯೇ ಹೊರತು ಎಂಥವನು ಎಂದು ಹೇಳಲಾರರು. ತಪ್ಪು ಎಲ್ಲಿದೆ?

ಉತ್ತರ: ಮೈಯೆಲ್ಲ ಚೂಪಾಗಿರುವುದೇ ತೊಂದರೆ. ತ್ರಿಕೋನ ಅಪಾಯವನ್ನೂ ವೃತ್ತ ಮೃದುತನವನ್ನೂ ಸೂಚಿಸುತ್ತವೆ ಎಂಬ ಪಾಠ ಸರಿಯಾದದ್ದೇ. ಆದರೆ ಖಳನ ಸ್ವಭಾವ ತಿಳಿಯುವುದು ಆ ಮೊನೆಗಳು ದೇಹದ ಯಾವ ಭಾಗದಲ್ಲಿವೆ ಎಂಬುದರಿಂದ.

1959ರಲ್ಲಿ ತೆರೆಕಂಡ ಡಿಸ್ನಿಯ ‘ಸ್ಲೀಪಿಂಗ್ ಬ್ಯೂಟಿ’ಯ ಮ್ಯಾಲಿಫಿಸೆಂಟ್‌ಳನ್ನು ಗಮನಿಸಿ. ಮಾರ್ಕ್ ಡೇವಿಸ್ ರೂಪಿಸಿದ ಈ ಪಾತ್ರದ ಮುಖ ನೀಳವಾಗಿ, ಸುಂದರವಾಗಿ, ಶಾಂತವಾಗಿದೆ. ನಿಲುವಂಗಿ ಕಂಬದಂತೆ ನೇರವಾಗಿ ಇಳಿಯುತ್ತದೆ. ಮೊನೆಗಳಿರುವುದು ಅಂಚಿನಲ್ಲಿ ಮಾತ್ರ: ತಲೆಯ ಮೇಲೆ ಕೊಂಬು, ಕತ್ತಿನ ಸುತ್ತ ಬಾವಲಿಯ ರೆಕ್ಕೆಯಂಥ ಕಾಲರು, ಕೆಳಗೆ ಜ್ವಾಲೆಯಂತೆ ಸೀಳಿದ ಸೆರಗು. ನಡುವಿನ ಆ ನೆಟ್ಟನೆಯ ನಿಲುವು ಅವಳ ಅಧಿಕಾರವನ್ನೂ ಸಂಯಮವನ್ನೂ ತೋರಿಸಿದರೆ, ಹತ್ತಿರ ಹೋದವರಿಗೆ ಕೇಡು ತಪ್ಪದು ಎಂಬುದನ್ನು ಅಂಚುಗಳು ಹೇಳುತ್ತವೆ. ಇದೇ ಮೊನೆಗಳನ್ನು ಮೂಗಿಗೆ, ಮೊಣಕೈಗೆ, ಬಾಗಿದ ಬೆನ್ನಿಗೆ ವರ್ಗಾಯಿಸಿದ್ದರೆ ಅವಳು ರಾಣಿಯಂತೆ ಕಾಣದೆ ಹೊಂಚು ಹಾಕುವ ಪುಕ್ಕಲಳಂತೆ ಕಾಣುತ್ತಿದ್ದಳು.

ಬಣ್ಣದಲ್ಲಿಯೂ ಇಂಥದೇ ಮಿತವಿದೆ. ಉಡುಪಿನ ಒಳಭಾಗಕ್ಕೆ ಕೆಂಪು ಇರಲಿ ಎಂಬುದು ಡೇವಿಸ್ ಅವರ ಮೊದಲ ಯೋಚನೆಯಾಗಿತ್ತು. ಚಿತ್ರದ ವರ್ಣವಿನ್ಯಾಸದ ಹೊಣೆ ಹೊತ್ತಿದ್ದ ಐವಿಂಡ್ ಅರ್ಲ್ ಅದನ್ನು ನೇರಳೆಗೆ ಬದಲಾಯಿಸಿದರು. ಈ ಬದಲಾವಣೆ ಪಾತ್ರಕ್ಕೆ ಒಪ್ಪಿತು ಎಂದೇ ನನ್ನ ಅಭಿಪ್ರಾಯ: ಕೆಂಪು ಕೆರಳಿದ ಸಿಟ್ಟನ್ನು ನೆನಪಿಸುತ್ತದೆ, ಅವಳದು ತಣ್ಣನೆಯ ಹಗೆ. ಬಹುಪಾಲು ಕಪ್ಪು, ಸ್ವಲ್ಪ ನೇರಳೆ, ಅದರ ನಡುವೆ ತಿಳಿಹಸಿರು ಮುಖ. ಸುತ್ತಲೂ ಕಪ್ಪಿರುವುದರಿಂದ ಕಣ್ಣು ನೇರವಾಗಿ ಮುಖಕ್ಕೇ ಹೋಗುತ್ತದೆ.

ಈಗ ನಿಮ್ಮ ಪಾತ್ರಕ್ಕೆ ಬನ್ನಿ. ಮೊದಲು ಅವನ ಸ್ವಭಾವವನ್ನು ಒಂದೇ ಪದದಲ್ಲಿ ಬರೆದುಕೊಳ್ಳಿ, ‘ಜಿಪುಣ’ ಎಂದಿಟ್ಟುಕೊಳ್ಳೋಣ. ಜಿಪುಣನಿಗೆ ಮೊನೆಗಳು ಒಳಮುಖವಾಗಿರಲಿ: ಕುಗ್ಗಿದ ಭುಜ, ಎದೆಯತ್ತ ಮಡಚಿದ ಕೈ, ಚೂಪಾದ ಬೆರಳು. ಬಳಿಕ ಚಿತ್ರವನ್ನು ಪೂರ್ತಿ ಕಪ್ಪಿನಿಂದ ತುಂಬಿ ಹೆಬ್ಬೆರಳಿನ ಉಗುರಿನಷ್ಟಕ್ಕೆ ಕುಗ್ಗಿಸಿ, ಇತರ ಪಾತ್ರಗಳ ನೆರಳಾಕೃತಿಗಳ ಪಕ್ಕದಲ್ಲಿಟ್ಟು, ಕತೆ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ. ಸಾಮಾನ್ಯವಾಗಿ ಇಲ್ಲಿ ಕೆಡುವುದು ಕೈಗಳು: ಅವು ಮೈಗೆ ಅಂಟಿಕೊಂಡು ಆಕೃತಿ ಬರೀ ಮುದ್ದೆಯಾಗುತ್ತದೆ. ಹಾಗಾದರೆ ದೇಹವನ್ನು ಮುಕ್ಕಾಲು ಭಾಗ ಪಕ್ಕಕ್ಕೆ ತಿರುಗಿಸಿ, ಮೊಣಕೈ ಮತ್ತು ಸೊಂಟದ ನಡುವೆ ಬೆಳಕಿನ ಕಿಂಡಿಯೊಂದನ್ನು ಬಿಡಿ.

ಬಣ್ಣ ತುಂಬಿದ ಮೇಲೆ ಚಿತ್ರವನ್ನು ಬೂದುಬಣ್ಣಕ್ಕೆ ತಿರುಗಿಸಿ ನೋಡಿ. ಮುಖವೂ ಉಡುಪೂ ಒಂದೇ ಬೂದಾಗಿ ಬೆರೆತರೆ ಹೊಸ ಬಣ್ಣ ಸೇರಿಸಬೇಡಿ. ಉಡುಪನ್ನು ಇನ್ನಷ್ಟು ಗಾಢಗೊಳಿಸಿದರೆ ಸಾಕು. ಕೊನೆಯಲ್ಲಷ್ಟೇ ಬಯಲಾಗಬೇಕಾದ ಖಳನಿಗೆ ಮಾತ್ರ ಇದಾವುದನ್ನೂ ಮಾಡಬಾರದು, ಅವನ ಮೊನೆಗಳು ಆ ದೃಶ್ಯದವರೆಗೆ ಅಡಗಿಯೇ ಇರಬೇಕು.